ನೀಲಿ ವೈರು ಯಾವುದು? ಎರಡು ಉತ್ತರ ಇದೆ: ಮನೆಯ ವೈರಿನ ಬಣ್ಣ ಓದುವ ಕ್ರಮ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ನಿಟುವಳ್ಳಿ ಕಡೆಯಿಂದ ಒಂದು ಫೋನ್ ಬಂತು. ಬಾಡಿಗೆ ಮನೆಯ ಹುಡುಗ. "ಅಣ್ಣಾ, ಮಿಕ್ಸಿ ಹಾಕಿದ್ರೆ ವಿಮಾನ ಓಡಿದಂಗೆ ಓಡ್ತು, ಆಮೇಲೆ ಹೊಗೆ ಬಂತು. ಚಾರ್ಜರ್ರೂ ಪಟ್ ಅಂತು. ಸ್ವಲ್ಪ ಬಂದು ನೋಡ್ತೀರೇನ್ರಿ?" ಹಿಂದಿನ ದಿನ ಅಡುಗೆಮನೆಯ ಒಡೆದ ಸಾಕೆಟ್ಟನ್ನು ಅವನೇ ಬದಲಾಯಿಸಿದ್ದ. "ಬಣ್ಣ ನೋಡೇ ಹಾಕೀನಿ" ಅಂದ. ನಿಜವೇ, ನೋಡಿಯೇ ಹಾಕಿದ್ದ. ತಪ್ಪಾಗಿದ್ದು ಅಲ್ಲೇ.

ಮೂರು ವೈರು, ಮೂರು ಬಣ್ಣ, ಅದರಲ್ಲೇನು ಕಷ್ಟ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಣ್ಣದ ಪಟ್ಟಿ ಒಂದಲ್ಲ, ಎರಡು. ಗೋಡೆಯೊಳಗಿನ ವೈರಿಗೆ ಒಂದು, ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಯ ಕಾರ್ಡಿಗೆ ಇನ್ನೊಂದು. ಎರಡರಲ್ಲೂ ನೀಲಿ ಇದೆ, ಅರ್ಥ ಮಾತ್ರ ಬೇರೆ. ಹುಡುಗ ಎಡವಿದ್ದು ಈ ನೀಲಿಯ ಮೇಲೆ. ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ.

ಗೋಡೆಯ ಪಟ್ಟಿ, ಕಾರ್ಡಿನ ಪಟ್ಟಿ

ಗೋಡೆಯ ಪೈಪಿನಲ್ಲಿ ಬರುವ ವೈರುಗಳಲ್ಲಿ ಕೆಂಪು, ಹಳದಿ, ನೀಲಿ ಈ ಮೂರೂ ಫೇಸ್, ಅಂದರೆ ಕರೆಂಟು ತರುವ ವೈರು. ಕಪ್ಪು ನ್ಯೂಟ್ರಲ್, ಕರೆಂಟು ವಾಪಸ್ ಹೋಗುವ ದಾರಿ. ಹಸಿರು, ಅಥವಾ ಹಸಿರು ಮೇಲೆ ಹಳದಿ ಗೆರೆ ಇದ್ದದ್ದು, ಅರ್ಥ್, ನೆಲಕ್ಕೆ ಹೋಗುವ ವೈರು. ಸಿಂಗಲ್ ಫೇಸ್ ಮನೆಯಲ್ಲಿ ಸಾಮಾನ್ಯವಾಗಿ ಕೆಂಪು, ಕಪ್ಪು, ಹಸಿರು ಇಷ್ಟೇ ಕಾಣುತ್ತದೆ. ಬೋರ್‌ವೆಲ್ ಮೋಟರ್ ಇರುವ ಮನೆ, ಕೆಳಗೆ ಓನರ್ ಮೇಲೆ ಬಾಡಿಗೆಯವರು ಇರುವ ಕಟ್ಟಡ, ಅಂಗಡಿ, ಮಂಡಕ್ಕಿ ಭಟ್ಟಿ, ಇಂಥ ಕಡೆ ತ್ರೀ ಫೇಸ್ ಇರುತ್ತದೆ. ಅಲ್ಲಿ ಹಳದಿ, ನೀಲಿಯೂ ಬರುತ್ತವೆ. ಎಲೆಕ್ಟ್ರೀಷಿಯನ್ನರು 'ಆರ್ ವೈ ಬಿ' ಅನ್ನುವುದು ಇದನ್ನೇ: ರೆಡ್, ಯೆಲ್ಲೋ, ಬ್ಲೂ.

ಉಪಕರಣದ ಕಾರ್ಡನ್ನು ಸುಲಿದರೆ ಒಳಗೆ ಬೇರೆಯೇ ಮೂರು ಸಿಗುತ್ತವೆ. ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಇದು ಹೊರದೇಶಗಳಲ್ಲೂ ನಡೆಯುವ ಪದ್ಧತಿ. ಕಂಪನಿಗಳು ಎಲ್ಲ ಕಡೆ ಮಾರುವ ಸಾಮಾನಿಗೆ ಇದೇ ಬಣ್ಣ ಹಾಕುತ್ತವೆ. ತುಂಬ ಹಳೆಯ ಇಸ್ತ್ರಿಪೆಟ್ಟಿಗೆಯಲ್ಲಿ ಮಾತ್ರ ಕೆಂಪು, ಕಪ್ಪು, ಹಸಿರಿನ ಕಾರ್ಡು ಈಗಲೂ ಸಿಗುತ್ತದೆ.

ಅಂದರೆ ಗೋಡೆಯಲ್ಲಿ ನೀಲಿ ಕಂಡರೆ ಅದು 230 ವೋಲ್ಟಿನ ಫೇಸ್ ಇರಬಹುದು, ಕಾರ್ಡಿನಲ್ಲಿ ನೀಲಿ ಕಂಡರೆ ನ್ಯೂಟ್ರಲ್. ಹಸಿರೊಂದೇ ಎರಡೂ ಕಡೆ ಒಂದೇ ಅರ್ಥ ಕೊಡುವ ಬಣ್ಣ.

ಇನ್ನೊಂದು ವೈರು ಈ ಪಟ್ಟಿಗೆ ಸಿಗುವುದಿಲ್ಲ. ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರು. ಅದು ಸ್ವಿಚ್ ಹಾಕಿದಾಗ ಫೇಸ್, ತೆಗೆದಾಗ ಸುಮ್ನೆ. ಅದಕ್ಕೂ ಫೇಸ್ ಬಣ್ಣವನ್ನೇ ಹಾಕಬೇಕು. ಆದರೆ ನಮ್ಮಲ್ಲಿ ಅಂದು ಯಾವ ಬಣ್ಣದ ಸುರುಳಿ ಉಳಿದಿತ್ತೋ ಅದನ್ನೇ ಎಳೆದುಬಿಟ್ಟಿರುತ್ತಾರೆ. ಕಪ್ಪು ವೈರನ್ನೂ ಹೀಗೆ ಎಳೆದಿದ್ದು ನೋಡಿದ್ದೇನೆ. ಅದಕ್ಕೇ ಬಣ್ಣವನ್ನು ವಿಳಾಸದ ಚೀಟಿ ಅಂದುಕೊಳ್ಳಿ. ಬಾಗಿಲು ತಟ್ಟಿ ನೋಡದೆ ನಂಬಬೇಡಿ.

ಮುಟ್ಟುವ ಮುಂಚೆ

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಬೋರ್ಡಿನ ಸ್ವಿಚ್ ತೆಗೆದರೆ ಸಾಲದು, ಅದು ಒಂದೇ ವೈರನ್ನು ಕಡಿಯುತ್ತದೆ, ಮತ್ತು ಕಡಿಯುವುದು ಫೇಸನ್ನೇ ಎಂದು ಇನ್ನೂ ಗೊತ್ತಾಗಿಲ್ಲ. ಎಂಸಿಬಿ ಅಂದರೆ ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್; ಒಂದು ಕೋಣೆಯದನ್ನು ಇಳಿಸಿದರೂ ಸಾಲದು, ಯಾಕೆ ಅಂತ ಹುಡುಗನ ಬೋರ್ಡಿನ ಕಥೆ ಹೇಳುತ್ತದೆ. ಮನೆಯವರಿಗೆ ಹೇಳಿ, ಯಾರೂ ಬಂದು ಆನ್ ಮಾಡದಂತೆ ನೋಡಿಕೊಳ್ಳಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ತೆಗೆದ ಮೇಲೂ ಲೈಟಿನ ವೈರಿಗೆ ಕರೆಂಟು ಅಲ್ಲಿಂದ ಬರುತ್ತಿರುತ್ತದೆ.

ಆಮೇಲೆ ಟೆಸ್ಟರ್. ಮೇನ್ ಇಳಿಸುವ ಮುಂಚೆಯೇ ಕರೆಂಟು ಇರುವುದು ಖಾತ್ರಿ ಇರುವ ಸಾಕೆಟ್ಟಿಗೆ ಹಾಕಿ ನೋಡಿ, ಉರಿಯುತ್ತದಾ ಅಂತ. ಮೇನ್ ಆಫ್ ಆದ ಮೇಲೆ ಕೆಲಸದ ಜಾಗದಲ್ಲಿ ನೋಡಿ. ಟೆಸ್ಟರೇ ಕೆಟ್ಟಿದ್ದರೆ ಎಲ್ಲ ವೈರೂ ಸತ್ತಂತೆ ಕಾಣುತ್ತದೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತು ನೋಡಿದರೂ ಕೆಲವೊಮ್ಮೆ ಸರಿಯಾಗಿ ಉರಿಯುವುದಿಲ್ಲ. ನಿಮ್ಮ ಮೈಮೂಲಕ ನೆಲಕ್ಕೆ ಹರಿಯುವ ಚೂರು ಕರೆಂಟಿನಿಂದಲೇ ಅದರ ದೀಪ ಹತ್ತುವುದು. ಬೆರಳು ಹಿಂದಿನ ಲೋಹದ ಟೊಪ್ಪಿಗೆ ತಾಗಬೇಕು, ಮುಂದಿನ ಕಬ್ಬಿಣದ ಕಡ್ಡಿಗೆ ಯಾವತ್ತೂ ತಾಗಬಾರದು.

ಮೀಟರ್ ಬೋರ್ಡಿನ ಆಚೆಯ ಕಡೆಗೆ, ಅಂದರೆ ಕಂಬದಿಂದ ಬರುವ ವೈರು, ಸೀಲು, ಫ್ಯೂಸಿನ ಕಟೌಟ್, ಇವುಗಳಿಗೆ ಕೈ ಹಾಕಬೇಡಿ. ಅದು ಬೆಸ್ಕಾಂ ಲೈನ್‌ಮನ್ ಕೆಲಸ. ನಿಮ್ಮ ಮೇನ್ ಸ್ವಿಚ್ಚಿಗೆ ಅಲ್ಲಿಯ ಕರೆಂಟು ತೆಗೆಯುವ ಶಕ್ತಿ ಇಲ್ಲ.

ಪ್ಲಗ್ ಟಾಪ್ ಜೋಡಿಸುವುದು

ಮಿಕ್ಸಿಯ ಮೂರು ಪಿನ್ನಿನ ಪ್ಲಗ್ ಬಿಚ್ಚಿದರೆ ಒಳಗಿನ ಸ್ಕ್ರೂಗಳ ಪಕ್ಕ 'ಎಲ್', 'ಎನ್', 'ಇ' ಅಂತ ಇಂಗ್ಲಿಷಿನ ಅಕ್ಷರ ಅಚ್ಚಾಗಿರುತ್ತದೆ. ಎಲ್ ಅಂದರೆ ಲೈವ್, ನಮ್ಮ ಮಾತಿನಲ್ಲಿ ಫೇಸ್. ಕಂದು ಎಲ್‌ಗೆ, ನೀಲಿ ಎನ್‌ಗೆ, ಹಸಿರು-ಹಳದಿ 'ಇ' ಅಕ್ಷರದ ದಪ್ಪ ಪಿನ್ನಿಗೆ. ಎಡ-ಬಲ ನೆನಪಿಟ್ಟುಕೊಳ್ಳಲು ಹೋಗಬೇಡಿ. ಪಿನ್ ನಿಮ್ಮ ಕಡೆ ಇದ್ದರೆ ಒಂದು, ಬೆನ್ನು ನಿಮ್ಮ ಕಡೆ ಇದ್ದರೆ ಇನ್ನೊಂದು, ತಲೆ ಕೆಡುತ್ತದೆ. ಅಕ್ಷರ ಓದಿ.

ಇಲ್ಲಿ ಒಂದು ಸಣ್ಣ ಕೈಚಳಕ ಇದೆ. ಹಸಿರು ವೈರನ್ನು ಉಳಿದೆರಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಟ್ಟು, ಸ್ವಲ್ಪ ಸಡಿಲವಾಗಿ ಬಾಗಿಸಿ ಕೂರಿಸಿ. ಯಾರಾದರೂ ಕಾರ್ಡ್ ಹಿಡಿದು ಎಳೆದರೆ ಮೊದಲು ಕಂದು ಕಿತ್ತುಬರಬೇಕು, ಹಸಿರು ಕೊನೆಗೆ. ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದಕ್ಕೂ ಇದೇ ಕಾರಣ. ಚುಚ್ಚುವಾಗ ಅರ್ಥ್ ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಇನ್ನು ಪ್ಲಗ್ಗಿನ ಬಾಯಲ್ಲಿರುವ ಹಿಡಿಪಟ್ಟಿ ಕಾರ್ಡಿನ ಹೊರಚರ್ಮವನ್ನು ಕಚ್ಚಬೇಕು, ಒಳಗಿನ ಬಣ್ಣದ ವೈರನ್ನಲ್ಲ.

ಗೋಡೆಯ ಸಾಕೆಟ್ ಪರೀಕ್ಷೆ

ಸಾಕೆಟ್ಟನ್ನು ಎದುರಿನಿಂದ ನೋಡಿ. ದೊಡ್ಡ ತೂತು ಮೇಲೆ ಬರುವಂತೆ ಇದ್ದರೆ ಅದು ಅರ್ಥ್, ಕೆಳಗಿನ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಹಿಂದಿನಿಂದ ನೋಡಿದಾಗ ಇದು ಕನ್ನಡಿಯ ಹಾಗೆ ತಿರುಗುತ್ತದೆ. ಬಿಚ್ಚಿ ವೈರು ಹಾಕುವವರು ಅರ್ಧ ಜನ ಎಡವುವುದು ಇಲ್ಲೇ.

ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು. ಎಡಗಡೆ ಮಾತ್ರ ಉರಿದರೆ ಫೇಸು ನ್ಯೂಟ್ರಲ್ಲು ಅದಲು ಬದಲಾಗಿವೆ. ಎರಡೂ ಕಡೆ ಉರಿದರೆ ಅಲ್ಲಿಗೆ ನಿಲ್ಲಿಸಿ, ಏನನ್ನೂ ಚುಚ್ಚಬೇಡಿ. ಒಂದೋ ಎಲ್ಲೋ ನ್ಯೂಟ್ರಲ್ ಕಡಿದಿದೆ ಮತ್ತು ಆನ್ ಇರುವ ಬೇರೆ ಉಪಕರಣದ ಮೂಲಕ ಫೇಸು ಹಿಂದಕ್ಕೆ ಬರುತ್ತಿದೆ, ಇಲ್ಲವೇ ಸಾಕೆಟ್ಟಿಗೆ ಎರಡು ಬೇರೆ ಬೇರೆ ಫೇಸು ಬಂದಿವೆ. ಟೆಸ್ಟರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಲ್ಟಿಮೀಟರ್ ಬೇಕು.

ಮಲ್ಟಿಮೀಟರನ್ನು ಎಸಿ ವೋಲ್ಟಿನ 600 ಅಥವಾ 750ಕ್ಕೆ ತಿರುಗಿಸಿ. ಕೆಂಪು ಕಡ್ಡಿಯ ಇನ್ನೊಂದು ತುದಿ ವೋಲ್ಟಿನ ತೂತಿನಲ್ಲಿದೆಯಾ ನೋಡಿ. ಆಂಪಿಯರ್ ತೂತಿನಲ್ಲಿ ಬಿಟ್ಟು ಸಾಕೆಟ್ಟಿಗೆ ಹಾಕಿದರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗಿ ಕೈಯಲ್ಲೇ ಸಿಡಿಯಬಹುದು. ಆಮೇಲೆ ಮೂರು ಅಳತೆ. ಫೇಸ್-ನ್ಯೂಟ್ರಲ್ ಸುಮಾರು 230. ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್, ಐದರ ಒಳಗೆ.

ಇದು ತಪ್ಪಿದರೆ ಓದುವುದು ಹೀಗೆ. ಫೇಸ್-ನ್ಯೂಟ್ರಲ್ 230 ಇದ್ದು, ಬಲಗಡೆ ಮತ್ತು ಅರ್ಥ್ ನಡುವೆ ಸೊನ್ನೆ, ಎಡಗಡೆ ಮತ್ತು ಅರ್ಥ್ ನಡುವೆ 230 ಬಂದರೆ ಅದಲು ಬದಲು. ಫೇಸ್-ಅರ್ಥ್ 80, 110 ಹೀಗೆ ಅಡ್ಡಾದಿಡ್ಡಿ ತೋರಿಸಿದರೆ ಅರ್ಥ್ ಎಲ್ಲಿಗೂ ಸೇರಿಲ್ಲ, ಹಸಿರು ವೈರು ಗೋಡೆಯೊಳಗೆ ಎಲ್ಲೋ ಕಡಿದಿದೆ ಅಥವಾ ಬೋರ್ಡಿಗೇ ಬಂದಿಲ್ಲ. ಎರಡೂ ತೂತಲ್ಲಿ ಟೆಸ್ಟರ್ ಉರಿದು, ನಡುವೆ ಮೀಟರ್ ಸೊನ್ನೆಯ ಹತ್ತಿರ ತೋರಿಸಿದರೆ ನ್ಯೂಟ್ರಲ್ ಕಡಿದದ್ದು. 400ರ ಆಸುಪಾಸು ತೋರಿಸಿದರೆ ಎರಡು ಫೇಸ್.

ಈ ಮೂರು ಅಳತೆಗೆ ಒಂದು ಕುರುಡು ಜಾಗ ಇದೆ. ನ್ಯೂಟ್ರಲ್ ಮತ್ತು ಅರ್ಥ್ ಪರಸ್ಪರ ಬದಲಾಗಿದ್ದರೆ ಮೀಟರ್ ಏನೂ ಹೇಳುವುದಿಲ್ಲ, ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಕಡಿಯುವ ಸ್ವಿಚ್, ಇದ್ದರೆ ಆ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿದ ತಕ್ಷಣ ಅದು ಬೀಳುತ್ತದೆ, ಯಾಕೆಂದರೆ ಕರೆಂಟು ಹೋದ ದಾರಿಯಲ್ಲಿ ವಾಪಸ್ ಬರಲಿಲ್ಲ. 'ಈ ಆರ್‌ಸಿಸಿಬಿ ಸುಮ್ಸುಮ್ನೆ ಬೀಳುತ್ತೆ' ಅಂತ ಕಿತ್ತು ಬಿಸಾಡಿದ ಮನೆಗಳಲ್ಲಿ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಮೇನ್ ಆಫ್ ಮಾಡಿ, ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯಲ್ಲಿ ವೈರು ಬಿಡಿಸಿ, ಒಂದೊಂದರ ತುದಿಯನ್ನೂ ಹುಡುಕಬೇಕಾಗುತ್ತದೆ.

ನಿಟುವಳ್ಳಿಯ ಬೋರ್ಡು

ಈಗ ಹುಡುಗನ ಅಡುಗೆಮನೆಗೆ ಬನ್ನಿ. ಕಟ್ಟಡಕ್ಕೆ ತ್ರೀ ಫೇಸ್, ಕೆಳಗೆ ಓನರದ್ದು ಬೋರ್ ಮೋಟರ್ ಇದೆ. ಮೇಲಿನ ಮನೆಗೆ ವೈರು ಎಳೆದವರು ಲೈಟಿಗೆ ಒಂದು ಫೇಸು, ಪ್ಲಗ್ಗಿಗೆ ಇನ್ನೊಂದು ಫೇಸು ಅಂತ ಹಂಚಿದ್ದರು. ಹಂಚಿದ್ದು ತಪ್ಪಲ್ಲ. ಒಂದೇ ಬೋರ್ಡಿಗೆ ಎರಡನ್ನೂ ತಂದದ್ದು ಮಾತ್ರ ಒಳ್ಳೆಯ ಕೆಲಸ ಅಲ್ಲ. ಲೈಟಿನ ಎಂಸಿಬಿ ಇಳಿಸಿ ಕೈ ಹಾಕಿದವನಿಗೆ ಪ್ಲಗ್ಗಿನ ಫೇಸು ಕಾದು ಕೂತಿರುತ್ತದೆ.

ಬೋರ್ಡಿನೊಳಗೆ ಲೈಟಿನ ಸ್ವಿಚ್ಚಿಗೆ ಬಂದ ಕೆಂಪು ಇತ್ತು. ಸಾಕೆಟ್ಟಿನ ಸ್ವಿಚ್ಚಿಗೆ ಬಂದ ನೀಲಿ ಇತ್ತು, ಇದು ಬಿ ಫೇಸ್. ಸಾಕೆಟ್ಟಿನ ಎಡಗಡೆಗೆ ಕಪ್ಪು, ಮೇಲೆ ಹಸಿರು. ಹುಡುಗ ಹಳೆಯದನ್ನು ಬಿಚ್ಚುವಾಗ ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆಯಲಿಲ್ಲ. ಎಲ್ಲ ಕಿತ್ತ ಮೇಲೆ ಮಿಕ್ಸಿಯ ಕಾರ್ಡು ನೆನಪಾಯಿತು, ನೀಲಿ ಅಂದರೆ ನ್ಯೂಟ್ರಲ್! ಲೈಟಿನ ಕೆಂಪಿನಿಂದ ಒಂದು ತುಂಡು ತೆಗೆದು ಸ್ವಿಚ್ಚಿನ ಮೂಲಕ ಬಲಗಡೆಗೆ ಕೊಟ್ಟ. ನೀಲಿಯನ್ನು ಎಡಗಡೆಗೆ ಸಿಕ್ಕಿಸಿದ. ಉಳಿದ ಕಪ್ಪಿಗೆ, 'ಇದು ಎಕ್ಸ್‌ಟ್ರಾ' ಅಂತ ಟೇಪ್ ಸುತ್ತಿ ಹಿಂದಕ್ಕೆ ತಳ್ಳಿದ. ಕೊನೆಗೆ ಟೆಸ್ಟರ್ ಬಲಗಡೆ ಹಾಕಿ ನೋಡಿದ, ಉರಿಯಿತು, ಸರಿ ಅಂದುಕೊಂಡ. ಎಡಗಡೆ ನೋಡಲಿಲ್ಲ.

ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ ಅದರ 1.73 ಪಟ್ಟು, ಸುಮಾರು 400. ನಾನು ಮೀಟರ್ ಹಿಡಿದಾಗ 402 ತೋರಿಸಿತು. ಫೋನ್ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. 402 ಕಂಡಾಗ ಅದರೊಳಗಿನ ಕೆಪಾಸಿಟರ್ ಸಿಡಿಯಿತು. ಮಿಕ್ಸಿ ಮೋಟರ್ ವೋಲ್ಟೇಜ್ ಜಾಸ್ತಿ ಆದಷ್ಟೂ ಜೋರಾಗಿ ತಿರುಗುವ ಜಾತಿಯದ್ದು. ಅದಕ್ಕೇ ಆ ವಿಮಾನದ ಸದ್ದು, ಆಮೇಲೆ ಕಾಯಿಲ್ ಸುಟ್ಟ ವಾಸನೆ. ಎಂಸಿಬಿ ಬೀಳಲಿಲ್ಲ. ಎಂಸಿಬಿ ನೋಡುವುದು ಎಷ್ಟು ಆಂಪಿಯರ್ ಹರಿಯಿತು ಅಂತ, ಎಷ್ಟು ವೋಲ್ಟ್ ಬಂತು ಅಂತ ಅಲ್ಲ.

ಸರಿಮಾಡಿದ್ದು ಹೀಗೆ. ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಎಲ್ಲ ವೈರೂ ಸತ್ತಿವೆ ಅಂತ ನೋಡಿಕೊಂಡೆ. ಕಪ್ಪಿನ ಟೇಪ್ ಬಿಚ್ಚಿ, ಅದರ ಇನ್ನೊಂದು ತುದಿ ಡಿಬಿಯ ನ್ಯೂಟ್ರಲ್ ಪಟ್ಟಿಯಲ್ಲೇ ಇದೆಯಾ ಅಂತ ಮೀಟರಿನ ಬೀಪ್ ಸದ್ದಿನಿಂದ ಖಾತ್ರಿ ಮಾಡಿ, ಸಾಕೆಟ್ಟಿನ ಎಡಗಡೆಗೆ ಹಾಕಿದೆ. ನೀಲಿಯನ್ನು ಸ್ವಿಚ್ಚಿನ ಮೂಲಕ ಬಲಗಡೆಗೆ ತಂದೆ. ಕೆಂಪು ಆ ಬೋರ್ಡಿಗೇ ಮುಗಿಯುತ್ತಿತ್ತು, ಬೇರೆ ಕೋಣೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಡಿಬಿಯಲ್ಲಿ ಬಿಡಿಸಿ ಎರಡೂ ತುದಿ ಮುಚ್ಚಿ, ಒಂದು ಟ್ಯೂಬ್‌ಲೈಟಿಗೆ ಬೇಕಾದಷ್ಟನ್ನು ನೀಲಿಯಿಂದಲೇ ಕೊಟ್ಟೆ. ಈಗ ಆ ಬೋರ್ಡಿನಲ್ಲಿ ಇರುವುದು ಒಂದೇ ಫೇಸ್. ನೀಲಿಯ ತುದಿಗೆ ಎರಡು ಸುತ್ತು ಕೆಂಪು ಟೇಪ್ ಸುತ್ತಿದೆ, ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಅಂತ. ಆಮೇಲೆ ಮೇನ್ ಹಾಕಿ ಮೂರು ಅಳತೆ: 231, 230, 1.

ಮಿಕ್ಸಿ ಓಡುತ್ತೆ, ಆದರೂ ತಪ್ಪು

ಮೇಲಿನದು ತಕ್ಷಣ ಹೊಗೆ ಬರುವ ತಪ್ಪು. ಬಾಯಿ ಬಿಡದ ತಪ್ಪುಗಳೇ ಜಾಸ್ತಿ ಅಪಾಯ. ಫೇಸು ನ್ಯೂಟ್ರಲ್ಲು ಅದಲು ಬದಲಾದರೆ ಎಲ್ಲ ಉಪಕರಣವೂ ಎಂದಿನಂತೆ ಓಡುತ್ತದೆ. ಆದರೆ ಸ್ವಿಚ್ ಈಗ ನ್ಯೂಟ್ರಲನ್ನು ಕಡಿಯುತ್ತಿದೆ. ಸ್ವಿಚ್ ತೆಗೆದು ಬಲ್ಬ್ ಬದಲಾಯಿಸಲು ಹೋದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ಇದೆ. ಸ್ವಿಚ್ ತೆಗೆದ ಮೇಲೂ ಎಲ್‌ಇಡಿ ಬಲ್ಬ್ ರಾತ್ರಿ ಮಿಣಿಮಿಣಿ ಅನ್ನುತ್ತಿದ್ದರೆ ಮೊದಲು ಇದನ್ನೇ ನೋಡಿ. ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಹೀಗಾಗುವುದುಂಟು, ಪರೀಕ್ಷೆ ಮಾಡಿದರೆ ತಿಳಿಯುತ್ತದೆ.

ಹಸಿರಿನ ತಪ್ಪು ಇದಕ್ಕಿಂತ ಕೆಟ್ಟದ್ದು. ಬೋರ್ಡಿಗೆ ಅರ್ಥ್ ವೈರು ಬಂದಿಲ್ಲ ಅಂತ ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲ್‌ನಿಂದ ದೊಡ್ಡ ತೂತಿಗೆ ಒಂದು ತುಂಡು ವೈರು ಹಾಕುತ್ತಾರೆ. ಮೀಟರ್ ಅಳತೆ ಎಲ್ಲ ಸುಂದರವಾಗಿ ಬರುತ್ತದೆ. ಆದರೆ ಎಂದಾದರೂ ಹಿಂದೆಲ್ಲೋ ನ್ಯೂಟ್ರಲ್ ಸಡಿಲವಾದರೆ, ಫೇಸು ಫ್ರಿಜ್ಜಿನ ಮೋಟರ್ ಮೂಲಕ ಬಂದು, ಆ ತುಂಡು ವೈರಿನಿಂದ ಫ್ರಿಜ್ಜಿನ ತಗಡಿಗೇ ಹತ್ತುತ್ತದೆ. ಬಾಗಿಲ ಹಿಡಿಗೆ ಒದ್ದೆ ಕೈ ಹಾಕಿದವರಿಗೆ ಶಾಕ್. ಅದೇ ಸಾಕೆಟ್ಟಿನಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲೂ ಆಗಿದ್ದರೆ ನ್ಯೂಟ್ರಲ್ ಸಡಿಲವಾಗುವವರೆಗೂ ಕಾಯಬೇಕಿಲ್ಲ, ಪ್ಲಗ್ ಚುಚ್ಚಿದ ಗಳಿಗೆಗೇ ತಗಡಿಗೆ ಕರೆಂಟು.

ಅರ್ಥ್ ಗುಂಡಿ ಇದೆಯಲ್ಲ, ಎಂಸಿಬಿ ಬೀಳುತ್ತದಲ್ಲ ಅಂತ ಕೇಳುತ್ತಾರೆ. ಲೆಕ್ಕ ಹಾಕಿ. ಚಿತ್ರದುರ್ಗದ ಕಡೆ ಎಷ್ಟೋ ಮನೆ ಬಂಡೆಯ ಮೇಲೇ ಇವೆ, ಬೇಸಿಗೆಯಲ್ಲಿ ಮಣ್ಣು ಒಣಗಿ ಬೂದಿಯಾಗಿರುತ್ತದೆ. ಅಂಥ ಗುಂಡಿಯ ತಡೆ 20 ಓಮ್ ಅಂತ ಇಟ್ಟುಕೊಂಡರೆ, 230ನ್ನು 20ರಿಂದ ಭಾಗಿಸಿದರೆ ಹರಿಯುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಮಾಮೂಲಿ ಗೀಸರಿನ ಹಾಗೆ ಕಾಣುತ್ತದೆ, ಬೀಳುವುದಿಲ್ಲ. ಉಪಕರಣದ ತಗಡಿಗೆ ಕರೆಂಟು ಬಂದೇ ಇರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಆದರೆ ಇದರ ನಾನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸೋರಿದರೂ ಕಡಿದುಬಿಡುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದಾ ನೋಡಿ. ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಮಾತ್ರ ಅದೂ ಕಾಪಾಡುವುದಿಲ್ಲ. ಅದರ ಕಣ್ಣಿಗೆ ನೀವೂ ಒಂದು ಬಲ್ಬೇ.

ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವುದು ಹಳೆಯ ಅಭ್ಯಾಸ, ಅದರಲ್ಲಿ ಹುರುಳಿದೆ, ಒದ್ದೆ ಮಣ್ಣಿನ ತಡೆ ಕಡಿಮೆ. ಆದರೆ ಗುಂಡಿಯಿಂದ ಬೋರ್ಡಿನವರೆಗೆ ಹಸಿರು ವೈರು ಬಂದಿದೆಯಾ ಅಂತ ಮೊದಲು ನೋಡಿ. ಎಷ್ಟೋ ಮನೆಗಳಲ್ಲಿ ಅದು ಮೀಟರ್ ಬೋರ್ಡಿನಲ್ಲೇ ನಿಂತಿರುತ್ತದೆ, ಅಡುಗೆಮನೆಗೆ ಬಂದೇ ಇರುವುದಿಲ್ಲ.

ನಿಟುವಳ್ಳಿಯ ಹುಡುಗನ ಮಿಕ್ಸಿಗೆ ಹೊಸ ಕಾಯಿಲ್ ಕಟ್ಟಿಸಬೇಕಾಯಿತು. ಬೋರ್ಡಿನ ಮುಚ್ಚಳ ಹಾಕುವ ಮುಂಚೆ ಒಳಮೈಗೆ ಮಾರ್ಕರಿನಲ್ಲಿ ಬರೆದೆ: 'ಇಲ್ಲಿ ನೀಲಿ = ಫೇಸ್'. ಅವನು ಅದರ ಫೋಟೋ ತೆಗೆದುಕೊಂಡ.